‘ದಾಖಲೆ ಇದೆ, ಎಷ್ಟು ಕೊಡ್ತೀರಿ?’ ಎಂದು ಕರೆ ಬಂದರೆ ವರದಿಗಾರ ಮಾಡಬೇಕಾದ್ದು

ಸಂಜೆ ಏಳರ ಹೊತ್ತಿಗೆ ಒಂದು ಫೋನ್ ಬರುತ್ತದೆ. ‘ಕುಡಿಯೋ ನೀರಿನ ಲ್ಯಾಬ್ ರಿಪೋರ್ಟ್ ನನ್ನ ಹತ್ರ ಇದೆ ಮೇಡಂ, ನಲವತ್ತು ಪುಟ. ಮೂರು ತಿಂಗಳಿಂದ ನೀರು ಕೆಟ್ಟಿದೆ, ಮುಚ್ಚಿಟ್ಟಿದ್ದಾರೆ. ಎಷ್ಟು ಕೊಡ್ತೀರಿ? ರಾತ್ರಿ ಒಳಗೆ ಹೇಳಿ, ಇನ್ನೊಂದು ಚಾನೆಲ್‌ನವರೂ ಕೇಳ್ತಿದಾರೆ.’

‘ನಾವು ದುಡ್ಡು ಕೊಡಲ್ಲ’ ಎಂದು ಫೋನ್ ಇಟ್ಟುಬಿಡುವುದು ಸುಲಭ. ಆದರೆ ಆ ನೀರು ನಿಜಕ್ಕೂ ಕೆಟ್ಟಿದ್ದರೆ, ಅದನ್ನು ಕುಡಿಯುವವರ ಪಾಲಿಗೆ ಆ ವರದಿಗಾರ್ತಿ ಇದ್ದೂ ಇಲ್ಲದಂತೆ. ಇತ್ತ ದುಡ್ಡು ಕೊಟ್ಟು ತಂದರೆ ಆ ನಲವತ್ತು ಪುಟ ಮೊದಲಿನಷ್ಟು ನಂಬಲರ್ಹವಾಗಿ ಉಳಿಯುವುದಿಲ್ಲ. ಮಾಡಬೇಕಾದ್ದು ಇಷ್ಟು: ಮಾರುವವನಿಂದ ಕೊಳ್ಳದೆ, ಅವನು ಹೇಳಿದ್ದು ನಿಜವಿದ್ದರೆ ಅದು ಬೇರೆಲ್ಲೆಲ್ಲಿ ಸಿಗಬೇಕೋ ಅಲ್ಲಿಗೆ ಹೋಗಿ ಹುಡುಕುವುದು. ಅದನ್ನು ಹಂತಹಂತವಾಗಿ ಮಾಡುವುದು ಹೇಗೆ ಎಂಬುದನ್ನು ಇದೇ ಕರೆಯನ್ನು ಉದಾಹರಣೆಯಾಗಿ ಇಟ್ಟುಕೊಂಡು ನೋಡೋಣ.

ದುಡ್ಡು ಕೊಟ್ಟರೆ ಮಾಹಿತಿಗೆ ಏನಾಗುತ್ತದೆ

ಅಮೆರಿಕದ ವೃತ್ತಿಪರ ಪತ್ರಕರ್ತರ ಸಂಘದ ನೀತಿ ಸಂಹಿತೆ ಸುದ್ದಿಗಾಗಿ ಹಣ ಕೊಡಬೇಡಿ ಎನ್ನುತ್ತದೆ. ಹಣ ಅಥವಾ ಉಪಕಾರ ಕೇಳುವ ಮೂಲದ ಬಗ್ಗೆ ಎಚ್ಚರವಿರಲಿ ಎಂದೂ ಹೇಳುತ್ತದೆ. ಅನೇಕ ಸುದ್ದಿಮನೆಗಳ ಒಳನಿಯಮವೂ ಹೀಗೆಯೇ ಇದೆ. ಇದನ್ನು ಬರೀ ಮಡಿವಂತಿಕೆ ಎಂದುಕೊಂಡವರು ಒತ್ತಡದ ಒಂದು ಸಂಜೆ ನಿಯಮ ಮುರಿಯುತ್ತಾರೆ. ಹಾಗಾಗಿ ಅದರ ಹಿಂದಿನ ಕಾರಣ ಗೊತ್ತಿರಬೇಕು.

1983ರ ಏಪ್ರಿಲ್‌ನಲ್ಲಿ ಜರ್ಮನಿಯ ‘ಸ್ಟರ್ನ್’ ವಾರಪತ್ರಿಕೆ ಹಿಟ್ಲರನ ದಿನಚರಿಗಳು ಸಿಕ್ಕಿವೆ ಎಂದು ಘೋಷಿಸಿತು. ಅದಕ್ಕಾಗಿ ಸುಮಾರು 93 ಲಕ್ಷ ಮಾರ್ಕ್ ಸುರಿದಿತ್ತು. ಮೊದಲು 27 ಸಂಪುಟ ಎಂದಿದ್ದದ್ದು ದುಡ್ಡು ಹೋಗುತ್ತಾ ಹೋಗುತ್ತಾ ಅರವತ್ತರ ಹತ್ತಿರ ಬಂತು. ಸಂಪುಟಕ್ಕಿಷ್ಟು ಎಂದು ದರ ಕಟ್ಟಿದರೆ ಸಂಪುಟಗಳು ಹುಟ್ಟುತ್ತಲೇ ಇರುತ್ತವೆ. ಕೊನ್ರಾಡ್ ಕುಜಾವ್ ಎಂಬ ಫೋರ್ಜರಿ ಕೈಚಳಕದವನು ಅವನ್ನು ಕೂತು ಬರೆಯುತ್ತಿದ್ದ. ಘೋಷಣೆಯಾಗಿ ಎರಡು ವಾರ ತುಂಬುವುದರೊಳಗೆ ಜರ್ಮನಿಯ ರಾಷ್ಟ್ರೀಯ ದಾಖಲೆ ಭಂಡಾರ ಇವು ನಕಲಿ ಎಂದು ಹೇಳಿತು. ಕಾಗದಕ್ಕೆ ಹಾಕಿದ್ದ ಬಿಳುಪುಕಾರಕ ಯುದ್ಧ ಮುಗಿದ ಮೇಲಷ್ಟೇ ಬಳಕೆಗೆ ಬಂದದ್ದಾಗಿತ್ತು.

ಇದರಲ್ಲಿ ವರದಿಗಾರರು ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಪತ್ರಿಕೆ ಕೈಬರಹ ತಜ್ಞರನ್ನು ಕೇಳದೇ ಇರಲಿಲ್ಲ. ಅವರು ಹಿಟ್ಲರನ ಬರಹವೇ ಎಂದೂ ಹೇಳಿದ್ದರು. ಆದರೆ ಹೋಲಿಸಿ ನೋಡಲು ಅವರಿಗೆ ಕೊಟ್ಟ ‘ಅಸಲಿ’ ಮಾದರಿಗಳಲ್ಲೇ ಕೆಲವು ಕುಜಾವ್ ಬರೆದವಾಗಿದ್ದವು. ನಕಲಿಯನ್ನು ನಕಲಿಯ ಜತೆ ಇಟ್ಟರೆ ಎರಡೂ ಒಂದೇ ಥರ ಕಾಣುವುದರಲ್ಲಿ ಆಶ್ಚರ್ಯವಿಲ್ಲ. ದುಡ್ಡು ಕಟ್ಟಿದ ಮೇಲೆ ಸುದ್ದಿಮನೆಗೂ ಅದು ನಿಜವಾಗಿರಲೇಬೇಕು ಎಂಬ ಆಸೆ ಅಂಟುತ್ತದೆ. ಬೇರೆಯವರಿಗೆ ಸುಳಿವು ಸಿಕ್ಕೀತೆಂದು ಗುಟ್ಟು ಮಾಡಬೇಕಾಗುತ್ತದೆ. ಗುಟ್ಟು ಮಾಡಿದಷ್ಟೂ ಪರಿಶೀಲಿಸುವ ಕಣ್ಣುಗಳು ಕಡಿಮೆಯಾಗುತ್ತವೆ.

ಮಾಹಿತಿ ನಿಜವೇ ಆಗಿದ್ದರೂ ದುಡ್ಡು ಅದನ್ನು ಕೊಲ್ಲಬಲ್ಲದು. 1979ರಲ್ಲಿ ಬ್ರಿಟನ್ನಿನ ರಾಜಕಾರಣಿ ಜೆರೆಮಿ ಥಾರ್ಪ್ ಮೇಲಿನ ಕೊಲೆ ಸಂಚಿನ ಮೊಕದ್ದಮೆಯಲ್ಲಿ ಮುಖ್ಯ ಸಾಕ್ಷಿಯಾಗಿದ್ದ ಪೀಟರ್ ಬೆಸೆಲ್ ಒಂದು ಪತ್ರಿಕೆಯ ಜತೆ ಕರಾರು ಮಾಡಿಕೊಂಡಿದ್ದ. ಶಿಕ್ಷೆಯಾದರೆ 50,000 ಪೌಂಡ್, ಖುಲಾಸೆಯಾದರೆ ಅದರ ಅರ್ಧ. ಪ್ರತಿವಾದಿ ವಕೀಲರಿಗೆ ಇದಕ್ಕಿಂತ ಒಳ್ಳೆಯ ಅಸ್ತ್ರ ಬೇಕಿರಲಿಲ್ಲ. ಸಾಕ್ಷಿ ನಿಜ ಹೇಳುತ್ತಿದ್ದಾನೋ ಇಲ್ಲವೋ ಎಂಬುದು ಹಿಂದೆ ಸರಿಯಿತು, ಶಿಕ್ಷೆಯಾದರೆ ಅವನಿಗೆ ಲಾಭವಿದೆ ಎಂಬುದು ಮುಂದೆ ನಿಂತಿತು. ಆರೋಪಿಗಳೆಲ್ಲ ಖುಲಾಸೆಯಾದರು. ಇವತ್ತು ಬ್ರಿಟನ್ನಿನ ಸಂಪಾದಕರ ಸಂಹಿತೆ ಮೊಕದ್ದಮೆ ನಡೆಯುತ್ತಿರುವಾಗ ಸಾಕ್ಷಿಗೆ ಹಣ ಕೊಡುವುದನ್ನು ನಿಷೇಧಿಸಿದೆ. ನಿಮ್ಮ ಸುದ್ದಿಮೂಲ ನಾಳೆ ಸಾಕ್ಷಿಯಾಗಬಹುದು ಎಂಬ ಸಣ್ಣ ಸಾಧ್ಯತೆ ಇದ್ದರೂ ಇದನ್ನು ನೆನಪಿಟ್ಟುಕೊಳ್ಳಿ.

ಮೂರನೆಯದು ಕಾನೂನು. ಮಾಹಿತಿ ಮಾರಲು ಬಂದವನು ಸರ್ಕಾರಿ ನೌಕರನಾಗಿದ್ದರೆ ಅವನಿಗೆ ಕೊಡುವ ಹಣಕ್ಕೆ ಬಹುತೇಕ ದೇಶಗಳ ಕಾನೂನಿನಲ್ಲಿ ಲಂಚ ಎಂದೇ ಹೆಸರು. ಕೊಟ್ಟವರೂ ಆರೋಪಿಗಳೇ.

ಮೊದಲ ಹಂತ: ಫೋನಿನಲ್ಲೇ ಉತ್ತರ ಕೊಡಿ

ಹಣದ ಮಾತು ಬಂದ ಕೂಡಲೇ ಉತ್ತರ ಸ್ಪಷ್ಟವಾಗಿರಬೇಕು. ‘ನೋಡೋಣ’, ‘ಎಡಿಟರ್ ಹತ್ರ ಕೇಳ್ತೀನಿ’, ‘ಮೊದಲು ಪೇಪರ್ ತೋರಿಸಿ, ಆಮೇಲೆ ಮಾತಾಡೋಣ’ ಇವೆಲ್ಲ ಚೌಕಾಸಿಯ ಬಾಗಿಲು ತೆರೆಯುವ ಮಾತುಗಳು. ಮೂರನೆಯದಂತೂ ಮೋಸ. ಕೊಡುವ ಉದ್ದೇಶವಿಲ್ಲದೆ ಆಸೆ ಹುಟ್ಟಿಸಿ ಕಾಗದ ಪಡೆದರೆ ಆ ವ್ಯಕ್ತಿ ಮುಂದೆ ನಿಮ್ಮ ವಿರುದ್ಧವೇ ನಿಲ್ಲುತ್ತಾನೆ. ನಿಂತರೆ ತಪ್ಪೂ ಅವನದಲ್ಲ.

ಹೀಗೆ ಹೇಳಬಹುದು: ‘ಸರ್, ಮಾಹಿತಿಗೆ ನಾವು ದುಡ್ಡು ಕೊಡೋದಿಲ್ಲ. ಇವತ್ತೂ ಇಲ್ಲ, ಸುದ್ದಿ ಬಂದ ಮೇಲೂ ಇಲ್ಲ. ಆದರೆ ನೀವು ಹೇಳ್ತಿರೋದು ಜನರ ಆರೋಗ್ಯದ ವಿಷಯ, ನಾನು ಅದನ್ನ ವಿಚಾರಿಸ್ತೀನಿ. ನೀವು ಏನೇ ಹೇಳಿದರೂ ಅದನ್ನ ಬೇರೆಯವರ ಹತ್ರ ಪರಿಶೀಲಿಸ್ತೀನಿ. ಇದು ಗೊತ್ತಿದ್ದೂ ಮಾತಾಡೋದಾದರೆ ಹೇಳಿ.’

ಕೊನೆಯ ಎರಡು ಮಾತು ಬಿಡಬೇಡಿ. ಅವನು ಮಾರಬೇಕೆಂದಿರುವ ವಸ್ತುವಿನ ಜಾಡು ಹಿಡಿದು ನೀವು ಹೊರಡುವವರಿದ್ದೀರಿ. ಅದನ್ನು ಮುಚ್ಚಿಟ್ಟು ಮಾತು ಕೀಳುವುದು ನ್ಯಾಯವಲ್ಲ. ಹೇಳಿದ ಮೇಲೆ ಕೆಲವರು ಫೋನ್ ಇಡುತ್ತಾರೆ. ಇನ್ನು ಕೆಲವರು, ದುಡ್ಡಿನ ಆಸೆಯ ಜತೆಗೆ ಸಿಟ್ಟನ್ನೋ ಸಂಕಟವನ್ನೋ ಇಟ್ಟುಕೊಂಡವರು, ಮಾತು ಮುಂದುವರಿಸುತ್ತಾರೆ.

ಹಣ ಎಂದರೆ ನೋಟಿನ ಕಟ್ಟು ಮಾತ್ರವಲ್ಲ. ಅಣ್ಣನ ಮಗನಿಗೆ ಕೆಲಸ, ಅವನ ಅಂಗಡಿಗೆ ಬಿಟ್ಟಿ ಜಾಹೀರಾತು, ಅವನ ಮೇಲಿರುವ ಇನ್ನೊಂದು ಸುದ್ದಿಯನ್ನು ತಡೆಹಿಡಿಯುವ ಭರವಸೆ, ಇವೂ ಅದೇ ಲೆಕ್ಕ. ‘ಸುದ್ದಿ ಬಂದ ಮೇಲೆ ಏನಾದರೂ ನೋಡಿಕೊಳ್ಳೋಣ’ ಎನ್ನುವುದು ಸಾಲದ ಮೇಲೆ ಕೊಂಡಂತೆ.

ಎರಡನೆಯ ಹಂತ: ಬರೆದಿಡಿ, ಮೇಲಿನವರಿಗೆ ತಿಳಿಸಿ

ಫೋನ್ ಇಟ್ಟ ಕೂಡಲೇ ಕರೆ ಬಂದ ಸಮಯ, ಅವನು ಹೇಳಿದ ಮಾತು ಅವನದೇ ಪದಗಳಲ್ಲಿ, ಕೇಳಿದ ಮೊತ್ತ, ನೀವು ಕೊಟ್ಟ ಉತ್ತರ, ಇಷ್ಟನ್ನು ಬರೆದಿಡಿ. ಸಂದೇಶದಲ್ಲಿ ಹಣದ ಮಾತು ಬಂದಿದ್ದರೆ ನಿರಾಕರಣೆಯೂ ಸಂದೇಶದಲ್ಲೇ ಇರಲಿ. ನಾಳೆ ಯಾರಾದರೂ ಅರ್ಧ ಚಾಟ್‌ನ ಸ್ಕ್ರೀನ್‌ಶಾಟ್ ಹರಿಬಿಟ್ಟರೆ ನಿಮ್ಮ ಕೈಯಲ್ಲಿ ಪೂರ್ತಿ ಇರುತ್ತದೆ. ಅದೇ ದಿನ ಮುಖ್ಯ ವರದಿಗಾರರಿಗೆ ಅಥವಾ ಸಂಪಾದಕರಿಗೆ ತಿಳಿಸಿ. ಆದರೆ ಕಚೇರಿಯ ಗ್ರೂಪಿನಲ್ಲಿ ಹಾಕಬೇಡಿ. ದುಡ್ಡು ಕೇಳಿದ ಎಂಬ ಕಾರಣಕ್ಕೆ ಅವನ ಗುರುತು ಬಯಲು ಮಾಡುವ ಹಕ್ಕು ನಮಗೆ ಬರುವುದಿಲ್ಲ.

ಮೂರನೆಯ ಹಂತ: ಬೆಲೆ ಇಲ್ಲದ ಪ್ರಶ್ನೆಗಳನ್ನು ಕೇಳಿ

ಮಾತಿಗೆ ಸಿಕ್ಕರೆ ನಲವತ್ತು ಪುಟದ ಬಗ್ಗೆ ಕೇಳಬೇಡಿ, ಆ ಪುಟಗಳು ಹೋಗಿಬಂದ ದಾರಿಯ ಬಗ್ಗೆ ಕೇಳಿ. ರಿಪೋರ್ಟ್ ಯಾವ ಲ್ಯಾಬಿನಿಂದ ಬರುತ್ತದೆ? ಎಷ್ಟು ದಿನಕ್ಕೊಮ್ಮೆ? ಕೆಳಗೆ ‘ಪ್ರತಿ’ ಎಂದು ಯಾರ್‍ಯಾರ ಹೆಸರಿರುತ್ತದೆ? ಯಾವ ಟ್ಯಾಂಕಿನ ನೀರು? ಇದು ನಿಮಗೆ ಗೊತ್ತಾಗಿದ್ದು ಹೇಗೆ? ಇದಕ್ಕೆ ಯಾರಾದರೂ ಈಗಾಗಲೇ ದುಡ್ಡು ಕೊಟ್ಟಿದ್ದಾರಾ? ಈ ಕೊನೆಯ ಪ್ರಶ್ನೆಯನ್ನು ದೊಡ್ಡ ಸುದ್ದಿಯ ಪ್ರತಿ ಮೂಲಕ್ಕೂ ಕೇಳುವ ಅಭ್ಯಾಸ ಒಳ್ಳೆಯದು. ಬೇರೆ ಯಾರೋ ಹಣ ಕೊಟ್ಟಿದ್ದರೂ ನಿಮ್ಮ ಸುದ್ದಿಗೆ ಅದರ ಕಲೆ ತಾಗುತ್ತದೆ, ಓದುಗರಿಗೆ ತಿಳಿಸಬೇಕಾಗುತ್ತದೆ.

ನಮ್ಮ ಉದಾಹರಣೆಯಲ್ಲಿ ಅವನು ಇಷ್ಟು ಹೇಳುತ್ತಾನೆ ಎಂದುಕೊಳ್ಳಿ: ರಿಪೋರ್ಟ್ ತಿಂಗಳಿಗೊಮ್ಮೆ ಬರುತ್ತದೆ, ನೀರು ಸರಬರಾಜು ವಿಭಾಗಕ್ಕೆ ಮೂಲ ಪ್ರತಿ, ಆರೋಗ್ಯ ಇಲಾಖೆಗೆ ಇನ್ನೊಂದು, ಗುಡ್ಡದ ಮೇಲಿನ ಟ್ಯಾಂಕಿನ ನೀರಿನಲ್ಲಿ ಇ.ಕೋಲಿ ಬ್ಯಾಕ್ಟೀರಿಯಾ ಸಿಕ್ಕಿದೆ. ಇಷ್ಟು ಸಿಕ್ಕರೆ ಆ ನಲವತ್ತು ಪುಟದ ಹಂಗು ನಿಮಗಿಲ್ಲ.

ಈ ಹಂತದಲ್ಲೇ ಒಂದು ಅಪಾಯವನ್ನು ಗುರುತಿಸಬೇಕು. ಕೆಲವರಿಗೆ ನಿಮ್ಮ ದುಡ್ಡು ಬೇಕಾಗಿರುವುದಿಲ್ಲ, ನಿಮ್ಮ ಹೆಸರು ಬೇಕಾಗಿರುತ್ತದೆ. ‘ಪೇಪರಿನವರು ಆಗಲೇ ಕೇಳ್ತಿದಾರೆ’ ಎಂದು ತೋರಿಸಿ ಗುತ್ತಿಗೆದಾರನಿಂದಲೋ ಅಧಿಕಾರಿಯಿಂದಲೋ ದೊಡ್ಡ ಮೊತ್ತ ಕೀಳುವುದು ಅವರ ಲೆಕ್ಕ. ಅದರ ಲಕ್ಷಣಗಳು ಹೀಗಿರುತ್ತವೆ: ದಾಖಲೆ ತೋರಿಸುವ ಮೊದಲೇ ‘ನೀವೊಮ್ಮೆ ಅವರಿಗೆ ಫೋನ್ ಮಾಡಿ’ ಎನ್ನುತ್ತಾರೆ. ‘ನಮಗೆ ಆಸಕ್ತಿ ಇದೆ’ ಎಂದು ಲಿಖಿತವಾಗಿ ಕೇಳುತ್ತಾರೆ. ಎರಡು ದಿನ ಬೆನ್ನುಬಿದ್ದವರು ಇದ್ದಕ್ಕಿದ್ದಂತೆ ‘ಏನೂ ಇಲ್ಲ ಬಿಡಿ’ ಎನ್ನುತ್ತಾರೆ. ನಿಮ್ಮ ಕೈಯಲ್ಲಿ ಸ್ವತಂತ್ರವಾಗಿ ಏನಾದರೂ ಸಿಗುವವರೆಗೆ ಆರೋಪಕ್ಕೆ ಒಳಗಾದವರಿಗೆ ಫೋನ್ ಮಾಡದಿದ್ದರೆ ಈ ಬಲೆಗೆ ಬೀಳುವುದಿಲ್ಲ.

ನಾಲ್ಕನೆಯ ಹಂತ: ಅದೇ ಮಾಹಿತಿಗೆ ಬೇರೆ ದಾರಿ

ಇದೇ ಮುಖ್ಯ ಕೆಲಸ, ಸಮಯ ಹಿಡಿಯುವುದೂ ಇದೇ. ಮಾಹಿತಿ ಹಕ್ಕಿನ ಕಾನೂನು ಇರುವ ಕಡೆ ಮೊದಲ ದಿನವೇ ಅರ್ಜಿ ಹಾಕಿ, ಏಕೆಂದರೆ ಉತ್ತರಕ್ಕೆ ವಾರಗಳೇ ಬೇಕು. ‘ನೀರಿನ ಎಲ್ಲ ದಾಖಲೆ ಕೊಡಿ’ ಎಂದು ಬರೆದರೆ ನಿರಾಕರಿಸಲು ನೆಪ ಸಿಗುತ್ತದೆ. ಇಂಥ ತಿಂಗಳಿಂದ ಇಂಥ ತಿಂಗಳವರೆಗಿನ, ಎಲ್ಲ ಟ್ಯಾಂಕ್‌ಗಳ, ಬ್ಯಾಕ್ಟೀರಿಯಾ ಪರೀಕ್ಷೆಯ ವರದಿಗಳು ಎಂದು ಬಿಡಿಸಿ ಬರೆಯಿರಿ. ಗುಡ್ಡದ ಟ್ಯಾಂಕ್ ಒಂದನ್ನೇ ಕೇಳಿದರೆ ಒಳಗಿನವರು ಯಾರೋ ಬಾಯಿಬಿಟ್ಟಿದ್ದಾರೆ ಎಂದು ಗೊತ್ತಾಗುತ್ತದೆ. ಎಲ್ಲ ಟ್ಯಾಂಕ್ ಕೇಳುವುದು ಆ ಮನುಷ್ಯನಿಗೆ ರಕ್ಷಣೆ. ರಿಪೋರ್ಟ್ ಸಂಖ್ಯೆ ಅವನಿಂದ ಗೊತ್ತಾಗಿದ್ದರೂ ಅದನ್ನು ಎಲ್ಲೂ ಉದ್ಧರಿಸಬೇಡಿ.

ಅದರ ಜತೆಜತೆಗೇ ಕಾಲಿಗೆ ಕೆಲಸ ಕೊಡಿ. ‘ಪ್ರತಿ’ ಹೋಗುವ ಆರೋಗ್ಯ ಇಲಾಖೆಯಲ್ಲಿ ವಿಚಾರಿಸಿ. ಗುಡ್ಡದ ಟ್ಯಾಂಕಿನ ನೀರು ಹೋಗುವ ಬೀದಿಗಳ ಕ್ಲಿನಿಕ್‌ಗಳಲ್ಲಿ ವಾಂತಿಭೇದಿಯ ರೋಗಿಗಳು ಹೆಚ್ಚಿದ್ದಾರೆಯೇ ಎಂದು ವೈದ್ಯರನ್ನು ಕೇಳಿ. ವಾಲ್ವ್ ತಿರುಗಿಸುವವರನ್ನು ಕಂಡು ಮಾತಾಡಿ. ಪೈಪ್ ಎಲ್ಲಿ ಒಡೆದಿದೆ, ಕ್ಲೋರಿನ್ ಎಂದಿನಿಂದ ಹಾಕಿಲ್ಲ ಎಂಬುದು ಅವರಿಗೆ ಗೊತ್ತಿರುತ್ತದೆ, ಆದರೆ ಅವರನ್ನು ಯಾರೂ ಕೇಳಿರುವುದಿಲ್ಲ.

ಸಂಸ್ಥೆಯ ದುಡ್ಡು ಖರ್ಚಾಗಬೇಕಾದ ಜಾಗ ಇದರ ನಂತರದ್ದು: ನೀವೇ ನೀರು ಪರೀಕ್ಷೆ ಮಾಡಿಸುವುದು. ಮೂಲಕ್ಕೆ ಕೊಟ್ಟ ಹಣ ಅವನ ಮಾತನ್ನು ಬದಲಿಸಬಹುದು. ಲ್ಯಾಬಿಗೆ ಕಟ್ಟುವ ಶುಲ್ಕ ಹಾಗಲ್ಲ, ಫಲಿತಾಂಶ ಏನೇ ಬಂದರೂ ಅದು ಅಷ್ಟೇ ಇರುತ್ತದೆ. ಮಾನ್ಯತೆ ಪಡೆದ ಲ್ಯಾಬಿನಿಂದಲೇ ಕ್ರಿಮಿಶುದ್ಧ ಬಾಟಲಿ ತನ್ನಿ. ಕ್ಲೋರಿನ್ ಹಾಕಿದ ನೀರಿಗಾದರೆ ಆ ಬಾಟಲಿಯಲ್ಲಿ ಸ್ವಲ್ಪ ಸೋಡಿಯಂ ಥಯೋಸಲ್ಫೇಟ್ ಇರಲೇಬೇಕು. ಇಲ್ಲದಿದ್ದರೆ ನೀರಿನಲ್ಲಿ ಉಳಿದ ಕ್ಲೋರಿನ್ ಬಾಟಲಿಯೊಳಗೂ ಬ್ಯಾಕ್ಟೀರಿಯಾ ಕೊಲ್ಲುತ್ತಾ ಹೋಗುತ್ತದೆ, ಲ್ಯಾಬ್ ತಲಪುವಷ್ಟರಲ್ಲಿ ಕೆಟ್ಟ ನೀರೂ ಒಳ್ಳೆಯದಾಗಿ ಕಾಣುತ್ತದೆ. ನಲ್ಲಿಯನ್ನು ಸ್ವಲ್ಪ ಹೊತ್ತು ಹರಿಯಬಿಟ್ಟು, ಬಾಟಲಿಯ ಬಾಯಿಗೆ ಕೈ ತಾಗಿಸದೆ ಹಿಡಿಯಬೇಕು. ಹಿಡಿದದ್ದನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ ಪರೀಕ್ಷೆಗೆ ಸೇರಿಸಬೇಕು. ಸಾಧ್ಯವಾದರೆ ಲ್ಯಾಬಿನವರೇ ಬಂದು ಹಿಡಿಯಲಿ, ಆಗ ‘ನೀವೇ ಕೊಳಕು ಬೆರೆಸಿದಿರಿ’ ಎನ್ನಲು ಆಗುವುದಿಲ್ಲ. ಒಂದೇ ಮನೆ ಸಾಲದು. ಗುಡ್ಡದ ಟ್ಯಾಂಕಿನ ಸಾಲಿನಲ್ಲಿ ಮೂರ್ನಾಲ್ಕು ನಲ್ಲಿ, ಹೋಲಿಕೆಗೆ ಬೇರೆ ಟ್ಯಾಂಕಿನ ಒಂದೆರಡು ನಲ್ಲಿ ಇರಲಿ. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದ ಪ್ರಕಾರ ಕುಡಿಯುವ ನೀರಿನ 100 ಮಿಲಿಲೀಟರ್ ಮಾದರಿಯಲ್ಲಿ ಇ.ಕೋಲಿ ಸಿಗಲೇಬಾರದು.

ಇದಕ್ಕೂ ಮಿತಿಯಿದೆ. ಇವತ್ತು ನೀರು ಕೆಟ್ಟಿದೆ ಎಂದು ಬಂದರೆ ಇವತ್ತು ಕೆಟ್ಟಿದೆ ಎಂದಷ್ಟೇ ಬರೆಯಬಹುದು. ಮೂರು ತಿಂಗಳಿಂದ ಗೊತ್ತಿದ್ದೂ ಮುಚ್ಚಿಟ್ಟರು ಎನ್ನಲು ಇಲಾಖೆಯ ದಾಖಲೆಯೋ ಅದನ್ನು ಕಂಡವರ ಹೇಳಿಕೆಯೋ ಬೇಕೇ ಬೇಕು. ಆದರೂ ಮೊದಲ ಸುದ್ದಿಗೆ ಇವತ್ತಿನ ಫಲಿತಾಂಶ ಸಾಕು, ಜನ ನೀರು ಕುದಿಸಿ ಕುಡಿಯತೊಡಗುತ್ತಾರೆ. ಫಲಿತಾಂಶ ಕೈಗೆ ಬಂದ ಮೇಲೆ ಅಧಿಕಾರಿಗೆ ನೇರವಾದ ಪ್ರಶ್ನೆ ಕಳಿಸಿ: ಕಳೆದ ಮೂರು ತಿಂಗಳ ನಿಮ್ಮ ಪರೀಕ್ಷೆಗಳಲ್ಲಿ ಇ.ಕೋಲಿ ಸಿಕ್ಕಿತ್ತೇ, ಹೌದಾದರೆ ಯಾವ ದಿನ, ಏನು ಮಾಡಿದಿರಿ?

ಅವನು ಮತ್ತೆ ಬಂದರೆ

ಹಲವು ಸಲ ಕೊಳ್ಳುವವರು ಸಿಗದೆ, ಅಥವಾ ಮೊದಲ ಸುದ್ದಿ ಓದಿ, ಅದೇ ಮನುಷ್ಯ ಬಿಟ್ಟಿಯಾಗಿ ಕೊಡಲು ಬರುತ್ತಾನೆ. ತೆಗೆದುಕೊಳ್ಳಬಹುದು. ಪೆನ್‌ಡ್ರೈವ್ ಆದರೆ ಕಚೇರಿಯ ಜಾಲಕ್ಕೆ ಸೇರಿದ ಕಂಪ್ಯೂಟರಿಗೆ ಹಾಕಬೇಡಿ. ಪುಟಗಳನ್ನು ಪರಿಶೀಲಿಸುವಾಗ ದಿನಚರಿಯ ಪ್ರಸಂಗ ನೆನಪಿರಲಿ: ಹೋಲಿಸುವ ಮಾದರಿ ಅವನಿಂದ ಬಂದದ್ದಾಗಿರಬಾರದು. ಅದೇ ಲ್ಯಾಬಿನ ಬೇರೆ ರಿಪೋರ್ಟನ್ನು ಬೇರೆ ಕಡೆಯಿಂದ ತಂದು ಪಕ್ಕಪಕ್ಕ ಇಡಿ. ಮಾದರಿ ಸಂಖ್ಯೆಗಳು ಕ್ರಮವಾಗಿ ಏರುತ್ತವೆಯೇ, ನೀರು ಹಿಡಿದ ದಿನಕ್ಕಿಂತ ಲ್ಯಾಬಿಗೆ ಬಂದ ದಿನ ನಂತರದ್ದೇ, ಸಹಿ ಮಾಡಿದವರು ಆ ತಿಂಗಳು ಆ ಹುದ್ದೆಯಲ್ಲಿದ್ದರೇ ಎಂದು ನೋಡಿ. ಪುಟಗಳು ಪೂರ್ತಿ ಇವೆಯೇ ಎಂಬುದು ಮುಖ್ಯ. ಮಾರಲು ಹೊರಟವನು ನೀರು ಚೆನ್ನಾಗಿದೆ ಎಂದು ಬಂದ ತಿಂಗಳ ಪುಟವನ್ನು ತೆಗೆದಿಟ್ಟಿರಬಹುದು.

ಕೊಡಬಹುದಾದ ದುಡ್ಡು, ಮತ್ತು ಅದರ ವೇಷದಲ್ಲಿ ಬರುವುದು

ದಾಖಲೆಯ ಜೆರಾಕ್ಸ್ ಖರ್ಚು, ಸರ್ಕಾರಿ ಶುಲ್ಕ, ಅನುವಾದಕರ ಸಂಭಾವನೆ, ಮಾತಾಡುವಾಗ ಕುಡಿದ ಚಹಾ, ಇವು ತಕರಾರಿಲ್ಲದವು. ತೊಡಕಾಗುವುದು ಫೋಟೊ ಮತ್ತು ವಿಡಿಯೊ ಹಕ್ಕಿನ ವಿಷಯದಲ್ಲಿ. ಪ್ರವಾಹದ ವಿಡಿಯೊ ತೆಗೆದವರಿಗೆ ಅದರ ಬಳಕೆಗೆ ಹಣ ಕೊಡುವುದು ಸರಿಯಾದ ವ್ಯವಹಾರ. ಆದರೆ ಅಮೆರಿಕದ ಎಬಿಸಿ ನ್ಯೂಸ್ 2008ರಲ್ಲಿ ಕಾಣೆಯಾದ ಮಗುವಿನ ತಾಯಿಗೆ ಮನೆಯ ಫೋಟೊ, ವಿಡಿಯೊಗಳ ಹಕ್ಕಿಗೆಂದು ಎರಡು ಲಕ್ಷ ಡಾಲರ್ ಕೊಟ್ಟಿತ್ತು. ಆಕೆಯ ಮೇಲೆ ಮೊಕದ್ದಮೆ ನಡೆಯುವಾಗ 2010ರಲ್ಲಿ ಅದು ನ್ಯಾಯಾಲಯದಲ್ಲೇ ಬಯಲಾಯಿತು. ಮರುವರ್ಷ ಸಂಸ್ಥೆ ಈ ಪದ್ಧತಿ ನಿಲ್ಲಿಸುವುದಾಗಿ ಹೇಳಬೇಕಾಯಿತು. ನೀವು ಕೇಳಿಕೊಳ್ಳಬೇಕಾದ ಪ್ರಶ್ನೆ: ಈ ವ್ಯಕ್ತಿ ನಮ್ಮ ಜತೆ ಒಂದು ಮಾತೂ ಆಡುವುದಿಲ್ಲ ಎಂದಿದ್ದರೆ ಈ ಚಿತ್ರಕ್ಕೆ ಇಷ್ಟೇ ಕೊಡುತ್ತಿದ್ದೆವೇ? ಇಲ್ಲ ಎಂದಾದರೆ ಅದು ಸಂದರ್ಶನದ ಬೆಲೆ.

ಮನಸ್ಸಿಗೆ ಕಷ್ಟವಾಗುವುದು ದಿನಗೂಲಿಯವರು ‘ನಿಮ್ಮ ಜತೆ ಕೂತರೆ ಇವತ್ತಿನ ಕೂಲಿ ಹೋಗುತ್ತದೆ’ ಎಂದಾಗ. ಅವರು ದುರಾಸೆಯಿಂದ ಕೇಳುತ್ತಿಲ್ಲ. ಆಗ ಕೂಲಿ ಕೊಡುವ ಬದಲು ಅವರ ಕೆಲಸ ಮುಗಿಯುವ ಹೊತ್ತಿಗೆ ಅವರಿದ್ದಲ್ಲಿಗೆ ನಾವೇ ಹೋಗಬೇಕು. ದೂರದಿಂದ ಕರೆಸಲೇಬೇಕಾದರೆ ಬಸ್ ಚಾರ್ಜನ್ನು ಸಂಪಾದಕರ ಒಪ್ಪಿಗೆ ಪಡೆದು, ಟಿಕೆಟ್ ಇಟ್ಟುಕೊಂಡು, ಅಷ್ಟನ್ನೇ ಕೊಡಬಹುದು.

ಕೊಟ್ಟೇ ತಂದ ಸುದ್ದಿಗಳೂ ಇವೆಯಲ್ಲ?

ಇವೆ. 2009ರಲ್ಲಿ ಬ್ರಿಟನ್ ಸಂಸದರು ಖರ್ಚುವೆಚ್ಚದ ಹೆಸರಿನಲ್ಲಿ ಮಾಡಿದ ಅಕ್ರಮಗಳನ್ನು ‘ಡೈಲಿ ಟೆಲಿಗ್ರಾಫ್’ ಹೊರಗೆಳೆದದ್ದು ಒಂದು ಲಕ್ಷ ಪೌಂಡ್‌ಗೂ ಹೆಚ್ಚು ಕೊಟ್ಟು ತಂದ ಡಿಸ್ಕ್‌ನಿಂದ. ಕೆಲವು ಸಂಸದರು ಜೈಲಿಗೂ ಹೋದರು. ಇದನ್ನು ಮುಂದಿಟ್ಟು ‘ನಾವೂ ಕೊಡೋಣ’ ಎನ್ನುವವರು ಎರಡು ಸಂಗತಿ ನೋಡಬೇಕು. ಅಲ್ಲಿ ಸಿಕ್ಕಿದ್ದು ಯಾರದೋ ನೆನಪಲ್ಲ, ಸಂಸತ್ತಿನದೇ ಕಡತ. ಪ್ರತಿ ಸಂಸದನ ಮುಂದಿಟ್ಟು ‘ಇದು ನಿಮ್ಮ ಬಿಲ್ಲೇ?’ ಎಂದು ಕೇಳಬಹುದಿತ್ತು. ಹಣ ಕೊಡುವ ತೀರ್ಮಾನವೂ ಸಂಸ್ಥೆಯ ತಲೆಯ ಮೇಲಿತ್ತು, ಒಬ್ಬ ವರದಿಗಾರ ಸಂಜೆ ಏಳಕ್ಕೆ ಜೇಬಿಗೆ ಕೈಹಾಕಿ ಮಾಡಿದ್ದಲ್ಲ. ನಿಮ್ಮ ಸುದ್ದಿಮನೆಯಲ್ಲಿ ಇಂಥ ಪ್ರಶ್ನೆ ಎದ್ದರೆ ಅದು ಸಂಪಾದಕರು ಮತ್ತು ವಕೀಲರು ಕೂತು, ಬರವಣಿಗೆಯಲ್ಲಿ ತೀರ್ಮಾನಿಸಬೇಕಾದ್ದು. ಕೊಟ್ಟರೆ ಕೊಟ್ಟಿದ್ದೇವೆ ಎಂದು ಸುದ್ದಿಯೊಳಗೇ ಓದುಗರಿಗೆ ಹೇಳಬೇಕು. ಹಾಗೆ ಹೇಳಲು ಸಂಕೋಚವಾಗುವ ಹಣವಾದರೆ ಕೊಡಬಾರದು.